ಎಣ್ಣೆ, ನೀರು ಮತ್ತು ನಡುವಿನ ತೆಳುಪೊರೆ

ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಅವೆರಡೂ ಬೆರೆಯುವುದಿಲ್ಲ ಎಂಬ ಉತ್ತರ ಬಹಳ ಜನರ ಬಾಯಲ್ಲಿದೆ. ಆದರೆ ಲೀಟರಿಗೆ ಸುಮಾರು 920 ಗ್ರಾಂ ತೂಗುವ ಸೂರ್ಯಕಾಂತಿ ಎಣ್ಣೆಗಿಂತ ಲೀಟರಿಗೆ 790 ಗ್ರಾಂ ತೂಗುವ ಎಥನಾಲ್ ಇನ್ನೂ ಹಗುರ. ಅದು ನೀರಿನಲ್ಲಿ ಎಷ್ಟು ಸುರಿದರೂ ಬೆರೆಯುತ್ತದೆ, ಮತ್ತೆಂದೂ ತಾನಾಗಿ ಬೇರೆಯಾಗುವುದಿಲ್ಲ. ಹಾಗಾಗಿ ತೂಕ ತೀರ್ಮಾನಿಸುವುದು ಬೇರೆಯಾದ ಮೇಲೆ ಯಾವುದು ಮೇಲೆ ನಿಲ್ಲಬೇಕು, ಯಾವುದು ಕೆಳಗೆ ಎಂಬುದನ್ನಷ್ಟೆ. ಬೇರೆಯಾಗುವುದು ಏಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎಣ್ಣೆಗೆ ನೀರನ್ನು ಕಂಡರೆ ಆಗದು ಎಂಬ ಇನ್ನೊಂದು ಉತ್ತರವೂ ಇದೆ. ಇದನ್ನು ಅಲ್ಲಗಳೆಯಲು ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲ್ಯಾಪಮ್ ಬಯಲಿನ ಕೊಳದಲ್ಲಿ ಮಾಡಿ 1774ರಲ್ಲಿ ಪ್ರಕಟಿಸಿದ ಪ್ರಯೋಗವೊಂದೇ ಸಾಕು. ಅವರು ಕೊಳಕ್ಕೆ ಸುರಿದದ್ದು ಒಂದು ಚಮಚೆಗಿಂತ ಹೆಚ್ಚಿಲ್ಲದಷ್ಟು ಎಣ್ಣೆ. ಅದು ಹರಡುತ್ತಾ ಹೋಗಿ ಸುಮಾರು ಅರ್ಧ ಎಕರೆ ನೀರನ್ನು ಮುಚ್ಚಿತು. ಲೆಕ್ಕ ಹಾಕಿದರೆ ಆ ಪೊರೆಯ ದಪ್ಪ ಎರಡು ಮೂರು ನ್ಯಾನೊಮೀಟರ್, ಅಂದರೆ ಒಂದೇ ಒಂದು ಅಣುವಿನಷ್ಟು. ನೀರನ್ನು ದ್ವೇಷಿಸುವ ವಸ್ತುವಾಗಿದ್ದರೆ ಎಣ್ಣೆ ಮುದುಡಿಕೊಂಡು ಉಂಡೆಯಾಗಬೇಕಿತ್ತು. ಇಲ್ಲಿ ಅದರ ಪ್ರತಿಯೊಂದು ಅಣುವೂ ನೀರನ್ನು ಮುಟ್ಟಿಕೊಂಡೇ ಕೂತಿದೆ.

ಬೇರೆಯಾಗುವುದಕ್ಕೆ ಕಾರಣ ನೀರಿನಲ್ಲಿದೆ. ನೀರಿನ ಅಣುವಿನಲ್ಲಿ ಆಮ್ಲಜನಕದ ಬದಿಗೆ ತುಸು ಋಣ ವಿದ್ಯುದಂಶ, ಎರಡು ಹೈಡ್ರೋಜನ್‌ಗಳ ಬದಿಗೆ ತುಸು ಧನ ವಿದ್ಯುದಂಶ ಇರುತ್ತದೆ. ಆದ್ದರಿಂದ ಪ್ರತಿ ಅಣುವೂ ಸುತ್ತಲಿನ ಮೂರು ನಾಲ್ಕು ಅಣುಗಳ ಜೊತೆ ಹೈಡ್ರೋಜನ್ ಬಂಧದಲ್ಲಿ ಕೂಡಿಕೊಳ್ಳುತ್ತದೆ. ಈ ಬಂಧಗಳು ಗಟ್ಟಿಯಾಗಿ ಬೆಸೆದವಲ್ಲ. ಕ್ಷಣಕ್ಷಣಕ್ಕೂ ಕಳಚುತ್ತವೆ, ಬೇರೆ ಅಣುವಿನೊಂದಿಗೆ ಕೂಡುತ್ತವೆ. ಅಣು ಯಾವ ಕಡೆ ತಿರುಗಿದರೂ ಅಲ್ಲಿ ಕೂಡಿಕೊಳ್ಳಲು ಇನ್ನೊಂದು ನೀರಿನ ಅಣು ಸಿಗುತ್ತದೆ. ನೀರಿನ ಅಣುವಿಗೆ ಇರುವ ಸ್ವಾತಂತ್ರ್ಯವೇ ಇದು.

ಎಥನಾಲ್‌ನ ಅಣುವಿನಲ್ಲೂ ಆಮ್ಲಜನಕ ಮತ್ತು ಹೈಡ್ರೋಜನ್ ಕೂಡಿದ ಒಂದು ತುದಿ ಇರುವುದರಿಂದ ಅದು ಈ ಜಾಲದೊಳಗೆ ಸೇರಿಕೊಳ್ಳುತ್ತದೆ. ಎಣ್ಣೆಯ ಅಣುವಿನ ಬಹುಪಾಲು ಮಾತ್ರ ಇಂಗಾಲ ಮತ್ತು ಹೈಡ್ರೋಜನ್‌ಗಳ ಮೂರು ಉದ್ದನೆಯ ಸರಪಳಿಗಳು. ಆ ಸರಪಳಿಗಳ ಜೊತೆ ಹೈಡ್ರೋಜನ್ ಬಂಧ ಸಾಧ್ಯವಿಲ್ಲ. ಅಂಥ ಸರಪಳಿಯೊಂದು ನೀರಿನ ನಡುವೆ ಬಂದರೆ ಅದರ ಪಕ್ಕದಲ್ಲಿರುವ ನೀರಿನ ಅಣುಗಳಿಗೆ ಒಂದು ಬದಿ ಬಂದ್ ಆದಂತೆ. ತಮ್ಮ ಬಂಧಗಳನ್ನು ಕಳೆದುಕೊಳ್ಳದಿರಲು ಅವು ಸರಪಳಿಗೆ ಬೆನ್ನು ಹಾಕಿ, ಉಳಿದ ನೀರಿನ ಕಡೆಗೆ ಕೈ ಚಾಚಿ, ಕೆಲವೇ ಭಂಗಿಗಳಲ್ಲಿ ನಿಲ್ಲಬೇಕಾಗುತ್ತದೆ. ಬಂಧಗಳು ಉಳಿದರೂ ಓಡಾಟದ ಸ್ವಾತಂತ್ರ್ಯ ಹೋಯಿತು. ಭೌತವಿಜ್ಞಾನದಲ್ಲಿ ಇದನ್ನು ಎಂಟ್ರೊಪಿ ಕಡಿಮೆಯಾಗುವುದು ಎನ್ನುತ್ತಾರೆ, ಮತ್ತು ನಿಸರ್ಗ ಅದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ಎರಡು ಎಣ್ಣೆ ಹನಿಗಳು ಒಂದಾದಾಗ ನೀರಿಗೆ ತಾಗುವ ಮೇಲ್ಮೈ ಕಿರಿದಾಗುತ್ತದೆ, ಸಿಕ್ಕಿಬಿದ್ದಿದ್ದ ಅಷ್ಟೂ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಹಾಗಾಗಿ ಹನಿಗಳು ಸಿಕ್ಕಲ್ಲಿ ಕೂಡುತ್ತವೆ, ಕೂಡುತ್ತಲೇ ಹೋಗುತ್ತವೆ.

ಇಷ್ಟು ಹೇಳಿದ ಮೇಲೆ ಇಡೀ ಸಮಸ್ಯೆ ಮೇಲ್ಮೈಯ ಸಮಸ್ಯೆ ಎಂಬುದು ಕಾಣುತ್ತದೆ. ಎಣ್ಣೆ ಎಷ್ಟಿದೆ ಎಂಬುದಕ್ಕಿಂತ ಅದು ನೀರಿಗೆ ಎಷ್ಟು ಜಾಗದಲ್ಲಿ ತಾಗುತ್ತಿದೆ ಎಂಬುದೇ ಇಲ್ಲಿ ಮುಖ್ಯ. ಮಯೋನೀಸ್ ಮಾಡುವಾಗ ಈ ಮೇಲ್ಮೈ ಎಷ್ಟಾಗುತ್ತದೆಂದು ನೋಡೋಣ. ಒಂದು ಮೊಟ್ಟೆಯ ಹಳದಿ, ಒಂದು ದೊಡ್ಡ ಚಮಚ ನಿಂಬೆರಸ, ಒಂದು ಚಿಕ್ಕ ಚಮಚ ಅರೆದ ಸಾಸಿವೆ, ಚಿಟಿಕೆ ಉಪ್ಪು, 200 ಮಿಲಿ ಎಣ್ಣೆ ಇಷ್ಟು ನಮ್ಮ ಅಳತೆ. ಕಡೆದು ಕಡೆದು ಎಣ್ಣೆಯನ್ನು 5 ಮೈಕ್ರಾನ್ ಅಡ್ಡಳತೆಯ ಹನಿಗಳಾಗಿ ಒಡೆದಿದ್ದೇವೆ ಎಂದಿಟ್ಟುಕೊಳ್ಳಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆಗ ಆ ಬಟ್ಟಲಿನಲ್ಲಿ ಸುಮಾರು 3 ಲಕ್ಷ ಕೋಟಿ ಹನಿಗಳಿರುತ್ತವೆ. ಅವುಗಳ ಒಟ್ಟು ಮೇಲ್ಮೈ 240 ಚದರ ಮೀಟರ್, ಅಂದರೆ 30x40ರ ಎರಡು ಸೈಟುಗಳಿಗಿಂತ ತುಸು ಹೆಚ್ಚು. ಇಷ್ಟು ವಿಸ್ತಾರದ ಮೇಲ್ಮೈಯನ್ನು ಅಂಗೈಯಗಲದ ಬಟ್ಟಲಿನೊಳಗೆ ಮಡಚಿಟ್ಟಿದ್ದೇವೆ. ಬರೀ ಎಣ್ಣೆ ಮತ್ತು ನೀರನ್ನು ಬಾಟಲಿಯಲ್ಲಿ ಹಾಕಿ ಕುಲುಕಿದರೂ ಹನಿಗಳು ಹುಟ್ಟುತ್ತವೆ, ಆದರೆ ಕೈ ನಿಲ್ಲಿಸಿದ ಕೂಡಲೇ ಆ ಮೇಲ್ಮೈಯೆಲ್ಲ ಕರಗಿ ನಿಮಿಷಗಳಲ್ಲಿ ಎರಡು ಪದರಗಳ ನಡುವಿನ ಒಂದು ಗೆರೆಯಷ್ಟೇ ಉಳಿಯುತ್ತದೆ.

ಮೊಟ್ಟೆಯ ಹಳದಿ ಈ ಕುಸಿತವನ್ನು ತಡೆಯುತ್ತದೆ. ಹಳದಿಯಲ್ಲಿ ಅರ್ಧದಷ್ಟು ನೀರೇ ಇದೆ. ಉಳಿದದ್ದು ಕೊಬ್ಬು, ಪ್ರೋಟೀನ್ ಮತ್ತು ಲೆಸಿಥಿನ್ ಎಂದು ಹೆಸರಾದ ಫಾಸ್ಫೋಲಿಪಿಡ್‌ಗಳು. ಫಾಸ್ಫೋಲಿಪಿಡ್ ಅಣುವಿನ ಒಂದು ತುದಿಯಲ್ಲಿ ವಿದ್ಯುದಂಶ ಹೊತ್ತ, ನೀರಿನ ಜಾಲಕ್ಕೆ ಸೇರಿಕೊಳ್ಳಬಲ್ಲ ತಲೆಯಿದೆ. ಇನ್ನೊಂದು ತುದಿಯಲ್ಲಿ ಎಣ್ಣೆಯದೇ ಜಾತಿಯ ಎರಡು ಸರಪಳಿಗಳಿವೆ. ಅದಕ್ಕೆ ನೆಮ್ಮದಿಯ ಜಾಗ ಒಂದೇ: ಎಣ್ಣೆ ಮತ್ತು ನೀರಿನ ಗಡಿ. ಅಲ್ಲಿ ಸರಪಳಿಗಳನ್ನು ಎಣ್ಣೆಯೊಳಗೆ ಇಳಿಬಿಟ್ಟು, ತಲೆಯನ್ನು ನೀರಿನತ್ತ ಚಾಚಿ ನಿಲ್ಲುತ್ತದೆ. ನೀರಿಗೆ ಈಗ ಕಾಣುವುದು ಎಣ್ಣೆಯಲ್ಲ, ತನ್ನಂಥದೇ ಮೈ. ಇಂಥ ವಸ್ತುಗಳಿಗೆ ಎಮಲ್ಸಿಫೈಯರ್ ಎಂದೂ, ಹನಿಹನಿಯಾಗಿ ಹಂಚಿಹೋದ ಮಿಶ್ರಣಕ್ಕೆ ಎಮಲ್ಷನ್ ಎಂದೂ ಹೆಸರು. ಫ್ರಾಂಕ್ಲಿನ್ ಕಂಡದ್ದರ ಗುಟ್ಟೂ ಇದೇ. ಅಡುಗೆ ಎಣ್ಣೆಯ ಅಣುವಿನ ಒಂದು ತುದಿಯಲ್ಲೂ ಕೆಲವು ಆಮ್ಲಜನಕ ಪರಮಾಣುಗಳಿವೆ, ಅವು ನೀರನ್ನು ಹಿಡಿದುಕೊಂಡಿದ್ದರಿಂದಲೇ ಎಣ್ಣೆ ಹಾಗೆ ಹರಡಿತು. ಆದರೆ ಮೂರು ಸರಪಳಿಗಳ ಭಾರದ ಮುಂದೆ ಆ ಹಿಡಿತ ಬಲು ಸಣ್ಣದು.

ಎಮಲ್ಸಿಫೈಯರ್ ಬಗ್ಗೆ ಓದಿದಲ್ಲೆಲ್ಲ ಲೆಸಿಥಿನ್ನಿನ ಹೆಸರೇ ಮುಂದಿರುತ್ತದೆ. ಮಯೋನೀಸಿನ ಮಟ್ಟಿಗೆ ನನ್ನ ಪ್ರಕಾರ ಪ್ರೋಟೀನುಗಳಿಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲುತ್ತಿಲ್ಲ. ಹಳದಿಯಲ್ಲಿ ಲೆಸಿಥಿನ್ ಬಿಡಿಬಿಡಿಯಾಗಿರದೆ ಪ್ರೋಟೀನ್ ಜೊತೆ ಸೇರಿ ಲಿಪೊಪ್ರೋಟೀನ್ ಎಂಬ ಸೂಕ್ಷ್ಮ ಕಣಗಳಾಗಿರುತ್ತದೆ. ಈ ಕಣಗಳು ಗಡಿಗೆ ತಲುಪಿದಾಗ ಬಿಚ್ಚಿಕೊಂಡು ಹರಡುತ್ತವೆ. ಪ್ರೋಟೀನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹನಿಯ ಸುತ್ತ ಎಳೆದರೂ ಹರಿಯದ ಪೊರೆಯಾಗುತ್ತವೆ. ಎರಡು ಹನಿಗಳು ಡಿಕ್ಕಿ ಹೊಡೆದರೂ ಪೊರೆಗೆ ಪೊರೆ ತಾಗುತ್ತದೆಯೇ ಹೊರತು ಎಣ್ಣೆಗೆ ಎಣ್ಣೆ ತಾಗುವುದಿಲ್ಲ.

ಕಡೆಯುವಾಗ ಈ ಪೊರೆ ಕಟ್ಟಿಕೊಳ್ಳಲು ಒಂದಿಷ್ಟು ಸಮಯ ಬೇಕು. ಅದಕ್ಕೇ ಮೊದಲಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡುವುದು. ಹಳದಿ, ನಿಂಬೆರಸ, ಸಾಸಿವೆ, ಉಪ್ಪನ್ನು ಚೆನ್ನಾಗಿ ಕಲಸಿ ವಿಸ್ಕ್‌ನಲ್ಲಿ ಬಿಡದೆ ತಿರುಗಿಸುತ್ತಾ ಚಮಚದ ತುದಿಯಿಂದ ಎಣ್ಣೆ ತೊಟ್ಟಿಕ್ಕಿಸಬೇಕು. ಬಟ್ಟಲಿನ ಅಂಚಿನಲ್ಲಿ ಮಿನುಗುವ ಎಣ್ಣೆಯ ಗೆರೆ ಪೂರ್ತಿ ಮಾಯವಾದ ಮೇಲೆಯೇ ಮುಂದಿನ ಹನಿ. ನಾಲ್ಕೈದು ಚಮಚ ಎಣ್ಣೆ ಹೀಗೆ ಒಳಗೆ ಹೋದಾಗ ಮಿಶ್ರಣದ ಬಣ್ಣ ತಿಳಿಯಾಗುತ್ತದೆ, ವಿಸ್ಕ್ ಓಡಿದ ದಾರಿ ಗೆರೆಯಾಗಿ ಉಳಿಯತೊಡಗುತ್ತದೆ. ಬಣ್ಣ ತಿಳಿಯಾಗುವುದು ಲಕ್ಷಗಟ್ಟಲೆ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ. ಹಾಲು ಬೆಳ್ಳಗಿರುವುದಕ್ಕೂ ಇದೇ ಬಗೆಯ ಚೆದುರಿಕೆ ಕಾರಣ. ಇಷ್ಟಾದ ಮೇಲೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬಹುದು. ಆಗಲೇ ಇರುವ ದಟ್ಟ ಹನಿಗಳು ಹೊಸ ಎಣ್ಣೆಯನ್ನು ತಮ್ಮ ನಡುವೆ ಸಿಕ್ಕಿಸಿ ಹಿಂಡಿ ಒಡೆಯಲು ನೆರವಾಗುತ್ತವೆ.

ಎಣ್ಣೆ ಹೆಚ್ಚಾದಷ್ಟೂ ಮಯೋನೀಸ್ ತೆಳ್ಳಗಾಗದೆ ಗಟ್ಟಿಯಾಗುವುದು ಮೊದಲ ಸಲ ಮಾಡುವವರಿಗೆ ಅಚ್ಚರಿ ತರುತ್ತದೆ. ಒಂದೇ ಗಾತ್ರದ ಗೋಲಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿದರೂ ಅವು ತುಂಬುವುದು ಜಾಗದ 74 ಶೇಕಡಾವನ್ನು ಮಾತ್ರ; ಉಳಿದದ್ದು ನಡುನಡುವಿನ ಸಂದು. ನಮ್ಮ ಅಳತೆಯಲ್ಲಿ 200 ಮಿಲಿ ಎಣ್ಣೆಗೆ ಉಳಿದದ್ದೆಲ್ಲ ಸೇರಿ 37 ಮಿಲಿಯ ಆಸುಪಾಸು, ಅಂದರೆ ಎಣ್ಣೆಯ ಪಾಲು ಸುಮಾರು 84 ಶೇಕಡಾ. ಗಾತ್ರದಲ್ಲಿ ಹೆಚ್ಚುಕಡಿಮೆಯಿರುವ ಹನಿಗಳು ಇನ್ನಷ್ಟು ಹತ್ತಿರ ಕೂರಬಲ್ಲವು, ಸಣ್ಣವು ಸಂದುಗಳಿಗೆ ಇಳಿಯುತ್ತವೆ. ಆದರೂ ಇಷ್ಟು ಎಣ್ಣೆ ಹಿಡಿಯಬೇಕಾದರೆ ಹನಿಗಳು ಒಂದನ್ನೊಂದು ಅದುಮಿಕೊಂಡು ಚಪ್ಪಟೆಯಾಗಲೇಬೇಕು. ಅವುಗಳ ನಡುವೆ ಉಳಿಯುವುದು ಬಲು ತೆಳುವಾದ ನೀರಿನ ಪದರ. ಸರಿಯಲು ಜಾಗವಿಲ್ಲದ ಹನಿಗಳು ಸೇರಿ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿತನ ಕೊಡುತ್ತವೆ.

ಒಂದು ಹಂತದ ನಂತರ ಎಣ್ಣೆ ಹಿಡಿಯದೆ ಹೋದರೆ ಹಳದಿ ಸಾಲದಾಯಿತೆಂದು ಇನ್ನೊಂದು ಮೊಟ್ಟೆ ಒಡೆಯುವುದು ರೂಢಿ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಪ್ರತಿ ಚದರ ಮೀಟರ್ ಮೇಲ್ಮೈಗೆ ಪೊರೆ ಕಟ್ಟಲು ಬೇಕಾದದ್ದು ಎರಡು ಮೂರು ಮಿಲಿಗ್ರಾಂ. 240 ಚದರ ಮೀಟರಿಗೆ ಮುಕ್ಕಾಲು ಗ್ರಾಂ ಕೂಡ ಬೇಡ. 17 ಗ್ರಾಂ ತೂಗುವ ಒಂದು ಹಳದಿಯಲ್ಲಿ ಅದರ ಹಲವು ಪಟ್ಟು ಇದೆ. ಮುಗಿದುಹೋಗಿರುವುದು ನೀರು. ಹನಿಗಳ ನಡುವಿನ ಪದರ ಹರಿಯುವಷ್ಟು ತೆಳುವಾದಾಗ ಎಣ್ಣೆ ಎಣ್ಣೆಯನ್ನು ಮುಟ್ಟಿಬಿಡುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಮಯೋನೀಸ್ ವಿಪರೀತ ಗಟ್ಟಿಯಾಗಿ, ಮೇಲ್ಮೈಗೆ ಜಿಡ್ಡಿನ ಹೊಳಪು ಬರುತ್ತದೆ. ಆಗ ಒಂದು ಚಿಕ್ಕ ಚಮಚ ನೀರು ಹಾಕಿ ತಿರುಗಿಸಿದರೆ ಸಾಕು, ಅದೇ ಹಳದಿ ಇನ್ನಷ್ಟು ಎಣ್ಣೆಯನ್ನು ಹಿಡಿಯುತ್ತದೆ.

ಒಡೆದೇ ಹೋದರೆ ಮೊಸರುಮೊಸರಾದ ಕಾಳುಗಳ ಸುತ್ತ ಹಳದಿ ಎಣ್ಣೆ ನಿಲ್ಲುತ್ತದೆ. ಎಷ್ಟು ಜೋರಾಗಿ ತಿರುಗಿಸಿದರೂ ಅದು ಹಿಂದಿನಂತಾಗದು, ಏಕೆಂದರೆ ಈಗ ಎಣ್ಣೆ ಒಂದೇ ದೊಡ್ಡ ರಾಶಿ, ಅದರೊಳಗೆ ನೀರೇ ಹನಿಯಾಗಿ ಸಿಕ್ಕಿಕೊಂಡಿದೆ. ಇನ್ನೊಂದು ಬಟ್ಟಲಿಗೆ ಒಂದು ಚಮಚ ನೀರು ಮತ್ತು ತುಸು ಸಾಸಿವೆ, ಇಲ್ಲವೇ ಹೊಸದೊಂದು ಹಳದಿ ಹಾಕಿ, ಒಡೆದದ್ದನ್ನೇ ಎಣ್ಣೆ ಎಂದು ಭಾವಿಸಿ ಹನಿಹನಿಯಾಗಿ ಸೇರಿಸುತ್ತಾ ಬಂದರೆ ಪೂರ್ತಿ ಸರಿಹೋಗುತ್ತದೆ. ಫ್ರೀಜರಿನಲ್ಲಿಟ್ಟರೆ ನೀರು ಹರಳುಗಟ್ಟಿ ಪೊರೆಗಳನ್ನು ಹರಿಯುತ್ತದೆ. ಕೊಬ್ಬರಿ ಎಣ್ಣೆಯ ಮಯೋನೀಸ್ ಫ್ರಿಜ್ಜಿನಲ್ಲೇ ಕೆಡುತ್ತದೆ: ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಹನಿಯೊಳಗಿನ ಹರಳುಗಳೇ ಪೊರೆಯನ್ನು ಚುಚ್ಚಿ ಹೊರಬರುತ್ತವೆ.

ಹಾಲಿನಲ್ಲಿ ಇದೇ ಕೆಲಸವನ್ನು ಹಸು, ಎಮ್ಮೆಗಳು ಕೆಚ್ಚಲಿನಲ್ಲೇ ಮುಗಿಸಿರುತ್ತವೆ. ಕೆಚ್ಚಲಿನ ಜೀವಕೋಶದೊಳಗೆ ಹುಟ್ಟುವ ಕೊಬ್ಬಿನ ಹನಿ ಹೊರಬರುವಾಗ ಆ ಕೋಶದ ಪೊರೆಯನ್ನೇ ಹೊದ್ದುಕೊಂಡು ಬರುತ್ತದೆ. ಮೂರು ಪದರಗಳ ಈ ಹೊದಿಕೆಯಲ್ಲೂ ಇರುವುದು ಫಾಸ್ಫೋಲಿಪಿಡ್ ಮತ್ತು ಪ್ರೋಟೀನ್. ಹನಿಗಳ ಸರಾಸರಿ ಗಾತ್ರ ಮೂರು ನಾಲ್ಕು ಮೈಕ್ರಾನ್. ಕೊಬ್ಬಿನ ಪಾಲು ಹಸುವಿನ ಹಾಲಿನಲ್ಲಿ ನಾಲ್ಕೈದು, ಎಮ್ಮೆಯ ಹಾಲಿನಲ್ಲಿ ಏಳೆಂಟು ಶೇಕಡಾ ಮಾತ್ರವಾದ್ದರಿಂದ ಹನಿಗಳು ದೂರದೂರ ತೇಲಾಡುತ್ತವೆ. ಮಯೋನೀಸಿನಂತೆ ಒತ್ತಿಕೊಂಡಿರದ ಕಾರಣ ಅವು ಮೇಲೇರಲು ಅಡ್ಡಿಯಿಲ್ಲ. ಕರೆದ ಹಾಲನ್ನು ಹಾಗೇ ಇಟ್ಟರೆ ಕೆನೆ ಕಟ್ಟುವುದು ಇದರಿಂದ. ಆ ಕೆನೆಯಲ್ಲಿ ಹನಿಗಳು ಒಂದಾಗಿಲ್ಲ ಎಂಬುದನ್ನು ಗಮನಿಸಬೇಕು. ಪೊರೆಗಳು ಹಾಗೇ ಇವೆ, ಹನಿಗಳು ಮೇಲೆ ಗುಂಪುಗೂಡಿವೆ ಅಷ್ಟೆ. ಕಲಕಿದರೆ ಮತ್ತೆ ಹಾಲಾಗುತ್ತದೆ.

ಮೇಲೇರುವ ವೇಗ ಹನಿಯ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 4 ಮೈಕ್ರಾನಿನ ಒಂಟಿ ಹನಿ ಗಂಟೆಗೆ ಒಂದೂವರೆ ಎರಡು ಮಿಲಿಮೀಟರ್ ಏರಬಲ್ಲದು. ತಣ್ಣಗಿನ ಹಸುವಿನ ಹಾಲಿನಲ್ಲಿ ಕೆನೆ ಇದಕ್ಕಿಂತ ಎಷ್ಟೋ ಬೇಗ ಕಟ್ಟುತ್ತದೆ, ಏಕೆಂದರೆ ಅದರಲ್ಲಿರುವ ಒಂದು ಬಗೆಯ ಪ್ರೋಟೀನ್ ಚಳಿಯಲ್ಲಿ ಹನಿಗಳನ್ನು ಗೊಂಚಲಾಗಿ ಅಂಟಿಸುತ್ತದೆ. 1899ರಲ್ಲಿ ಪ್ಯಾರಿಸ್‌ನ ಆಗಸ್ಟ್ ಗೋಲಾಂ ಪೇಟೆಂಟ್ ಪಡೆದ ಯಂತ್ರ ಬಳಸಿಕೊಂಡದ್ದು ಗಾತ್ರ ಮತ್ತು ವೇಗದ ಈ ಸಂಬಂಧವನ್ನೇ. ಬಿಸಿ ಹಾಲನ್ನು ಗಾಳಿಯ ಒತ್ತಡದ ನೂರೈವತ್ತು ಇನ್ನೂರು ಪಟ್ಟು ಒತ್ತಡದಲ್ಲಿ ಕೂದಲೆಳೆಯಂಥ ಸಂದಿನಿಂದ ನುಗ್ಗಿಸಿದರೆ ಹನಿಗಳು ಅರ್ಧ ಮೈಕ್ರಾನಿನ ಆಸುಪಾಸಿಗೆ ಒಡೆಯುತ್ತವೆ. ಗಾತ್ರ ಎಂಟನೇ ಒಂದಕ್ಕೆ ಇಳಿದರೆ ಏರುವ ವೇಗ 64ನೇ ಒಂದಕ್ಕೆ ಇಳಿಯುತ್ತದೆ. ಮೇಲ್ಮೈ ಮಾತ್ರ ಎಂಟು ಪಟ್ಟಾಗುತ್ತದೆ, ಮೂಲ ಪೊರೆ ಅಷ್ಟಕ್ಕೆ ಸಾಲದು. ಉಳಿದ ಬರಿಮೈಯನ್ನು ಹಾಲಿನದೇ ಕೇಸೀನ್ ಎಂಬ ಪ್ರೋಟೀನ್ ಕ್ಷಣಾರ್ಧದಲ್ಲಿ ಮುಚ್ಚುತ್ತದೆ. ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಎಂದು ಬರೆದಿರುವ ಹಾಲು ಇದು. ಇದರ ಮೇಲೆ ದಪ್ಪ ಕೆನೆ ನಿಲ್ಲುವುದಿಲ್ಲ, ಇದರಿಂದ ಬೆಣ್ಣೆ ತೆಗೆಯುವುದೂ ಆಗದ ಮಾತು.

ಬೆಣ್ಣೆ ತೆಗೆಯುವುದೆಂದರೆ ಎಮಲ್ಷನ್ನನ್ನು ಬೇಕೆಂದೇ ಒಡೆಯುವುದು. ಕಡೆಗೋಲಿನ ಹೊಡೆತಕ್ಕೆ ಹನಿಗಳು ಒಂದಕ್ಕೊಂದು ಬಡಿಯುತ್ತವೆ. ಒಳಗಿನ ಕೊಬ್ಬು ಅರೆಗಟ್ಟಿಯಾಗಿದ್ದರೆ ಅದರ ಹರಳುಗಳು ಪಕ್ಕದ ಹನಿಯ ಪೊರೆಯನ್ನು ಚುಚ್ಚಿ ಎರಡನ್ನೂ ಕೂಡಿಸುತ್ತವೆ. ಪೂರ್ತಿ ಕರಗಿದ ಕೊಬ್ಬಿನಲ್ಲಿ ಚುಚ್ಚಲು ಹರಳಿಲ್ಲ, ತೀರಾ ಗಟ್ಟಿಯಾದ ಕೊಬ್ಬಿನಲ್ಲಿ ಅಂಟಿಸಲು ದ್ರವವಿಲ್ಲ. ಬೇಸಿಗೆಯಲ್ಲಿ ತಣ್ಣೀರು, ಚಳಿಗಾಲದಲ್ಲಿ ಬೆಚ್ಚನೆ ನೀರು ಹಾಕಿ ಕಡೆಯುವ ನಮ್ಮ ಅಜ್ಜಿಯರ ಕ್ರಮ ನೂರಕ್ಕೆ ನೂರು ಸರಿ. ಕಡೆಯುತ್ತಾ ಕಡೆಯುತ್ತಾ ನೊರೆ ಇಳಿದು, ಸದ್ದು ಬದಲಾಗಿ, ಕಡೆಗೋಲಿಗೆ ರವೆಯಂಥ ಕಾಳುಗಳು ಹತ್ತಿಕೊಂಡವೆಂದರೆ ಒಳಹೊರಗು ಅದಲುಬದಲಾಯಿತೆಂದು ಅರ್ಥ. ಬೆಣ್ಣೆಯಲ್ಲಿ ಕೊಬ್ಬು ಹೊರಗೆ, ನೀರು ಹನಿಯಾಗಿ ಒಳಗೆ. ಹರಿದ ಪೊರೆಗಳು ಬಹುಮಟ್ಟಿಗೆ ಮಜ್ಜಿಗೆಯಲ್ಲಿ ಉಳಿಯುತ್ತವೆ.

ಕಾಯಿಸುವಾಗ ಹಾಲು ಒಡೆಯುವುದು ಇದಾವುದೂ ಅಲ್ಲ. ಅಲ್ಲಿ ಕೊಬ್ಬಿನ ಹನಿಗಳ ಪಾತ್ರವೇ ಇಲ್ಲ, ಸೋಲುವುದು ಕೇಸೀನ್. ಹಾಲಿನಲ್ಲಿ ಕೇಸೀನ್ ಮತ್ತು ಕ್ಯಾಲ್ಸಿಯಂ ಸೇರಿದ ಕಣಗಳು ತೇಲುತ್ತಿರುತ್ತವೆ. ಅವುಗಳ ಮೈಮೇಲಿನ ಋಣ ವಿದ್ಯುದಂಶದ ರೋಮಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಲು ಹುಳಿಯಾಗುತ್ತಾ ಹೋದಂತೆ ಆ ವಿದ್ಯುದಂಶ ಕುಗ್ಗುತ್ತದೆ. ತಾಜಾ ಹಾಲಿನ ಪಿಎಚ್ ಸುಮಾರು 6.7, ಅದು 4.6ಕ್ಕೆ ಇಳಿದರೆ ತಣ್ಣಗಿದ್ದಲ್ಲೇ ಹಾಲು ಹೆಪ್ಪಾಗುತ್ತದೆ. ಬಿಸಿಯಲ್ಲಿ ಅಷ್ಟು ಹುಳಿಯೂ ಬೇಕಿಲ್ಲ, ಹಾಗಾಗಿಯೇ ಪಾತ್ರೆಯಲ್ಲಿ ಚೆನ್ನಾಗಿ ಕಂಡ ಹಾಲು ಒಲೆಯ ಮೇಲೆ ಕೈಕೊಡುತ್ತದೆ. ಒಡೆದ ಹಾಲನ್ನು ಸೋಸಿ ನೋಡಿ: ಹಸಿರುಛಾಯೆಯ ತಿಳಿನೀರಿನ ಮೇಲೆ ಜಿಡ್ಡಿನ ಪದರವಿರುವುದಿಲ್ಲ. ಕೊಬ್ಬು ಬಹುತೇಕ ಹನಿಗಳಾಗಿಯೇ ಪನೀರಿನೊಳಗೆ ಸಿಕ್ಕಿಕೊಂಡಿರುತ್ತದೆ, ಅದಕ್ಕೇ ಗಟ್ಟಿಹಾಲಿನ ಪನೀರು ಅಷ್ಟು ಮೃದು.

ಎಣ್ಣೆಯ ಹನಿಗೆ ಪೊರೆ ಕಟ್ಟುವುದು, ಹುಳಿಗೆ ಕೇಸೀನ್ ಅಂಟಿಕೊಳ್ಳುವುದು, ಈ ಎರಡೂ ಸಂಗತಿಗಳು ಒಂದೇ ಬಟ್ಟಲಿನಲ್ಲಿ ಕೂಡುವುದು ಹಾಲಿನ ಮಯೋನೀಸ್‌ನಲ್ಲಿ. ಹಸಿ ಮೊಟ್ಟೆಯ ಮಯೋನೀಸನ್ನು 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲಿನಲ್ಲಿ ತಮಿಳುನಾಡು ಒಂದೊಂದು ವರ್ಷ ನಿಷೇಧಿಸಿದವು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಸಿದ್ಧವಾದ ಮಯೋನೀಸನ್ನು ಕುದಿಸಿ ಅವನ್ನು ಕೊಲ್ಲುವಂತೆಯೂ ಇಲ್ಲ, 70 ಡಿಗ್ರಿ ಮುಟ್ಟುವಷ್ಟರಲ್ಲಿ ಹಳದಿಯ ಪ್ರೋಟೀನ್ ಬೆಂದು ಗಂಟಾಗುತ್ತದೆ. ಮೊಟ್ಟೆಯ ಬದಲು ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟ 100 ಮಿಲಿ ಹಾಲನ್ನು ಎತ್ತರದ ಲೋಟಕ್ಕೆ ಹಾಕಿ, 200 ಮಿಲಿ ಎಣ್ಣೆಯನ್ನು ಒಮ್ಮೆಗೇ ಸುರಿದು, ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಒತ್ತಿ ಓಡಿಸಿ. ತಳದಲ್ಲಿ ಹಾಲಿರುವುದರಿಂದ ಎಣ್ಣೆ ಮೇಲಿನಿಂದ ತಾನೇ ಸ್ವಲ್ಪಸ್ವಲ್ಪವಾಗಿ ಬ್ಲೇಡಿಗೆ ಸಿಗುತ್ತದೆ. 100 ಮಿಲಿ ಹಾಲಿನಲ್ಲಿ ಮೂರು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ, ಪೊರೆಗೆ ಅದು ಧಾರಾಳ. ಎಣ್ಣೆಯ ಪಾಲು 67 ಶೇಕಡಾ ಮಾತ್ರವಾದ್ದರಿಂದ ಮಿಶ್ರಣ ಇನ್ನೂ ತುಸು ಸಡಿಲವಾಗಿರುತ್ತದೆ. ಕೊನೆಗೆ ಒಂದೆರಡು ಚಿಕ್ಕ ಚಮಚ ನಿಂಬೆರಸ ಹಿಂಡಿದರೆ ಪೊರೆಯ ಕೇಸೀನ್ ತನ್ನ ವಿದ್ಯುದಂಶ ಕಳೆದುಕೊಂಡು ಹನಿಗೆ ಹನಿ ಅಂಟಿಕೊಳ್ಳುತ್ತದೆ, ಕಣ್ಣೆದುರೇ ಗಟ್ಟಿಯಾಗುತ್ತದೆ. ಮರುದಿನ ಇದರಲ್ಲಿ ತುಸು ತಿಳಿನೀರು ಕಂಡರೆ ಅದು ಕೇಸೀನಿನ ಜಾಲದಿಂದ ಜಿನುಗಿದ ನೀರು, ಕಲಸಿದರೆ ಸಾಕು. ಮೇಲೆ ಎಣ್ಣೆ ನಿಂತಿದ್ದರೆ ಪೊರೆಯೇ ಹರಿದಿದೆ. ಹೊಸದಾಗಿ ಎರಡು ಚಮಚ ತಣ್ಣನೆ ಹಾಲಿನಿಂದ ಶುರುಮಾಡಿ ಅದನ್ನು ಮತ್ತೆ ಕಟ್ಟಬೇಕು.